30×40 ಮನೆಗೆ ಮಳೆನೀರಿನ ತೊಟ್ಟಿ: ಎಷ್ಟು ದೊಡ್ಡದು ಸಾಕು?

ಪ್ರಶ್ನೆ: ನಮಸ್ಕಾರ ಸರ್. ವಿದ್ಯಾರಣ್ಯಪುರದಲ್ಲಿ ನಮ್ಮದು 30×40 ಸೈಟಿನ ಮನೆ. ತಾರಸಿ ಸುಮಾರು 900 ಚದರ ಅಡಿ. ತಾರಸಿ ನೀರು ಇಳಿಯೋಕೆ ಮುಂದೊಂದು, ಹಿಂದೊಂದು ಡೌನ್‌ಟೇಕ್ ಪೈಪ್ ಇದೆ. ನಾವು ನಾಲ್ಕು ಜನ. 6,000 ಲೀಟರ್ ಸಂಪಿದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತೀವಿ. ಮಳೆನೀರಿಗೆ 20,000 ಲೀಟರ್ ತೊಟ್ಟಿ ಕಟ್ಟಿಸಿ ಅಂತಾರೆ ಕಂಟ್ರಾಕ್ಟರ್. 2,000 ಲೀಟರ್ ಸಾಕು ಅಂತಾರೆ ನಮ್ಮ ಭಾವ. ಯಾರ ಮಾತು ಕೇಳಲಿ? ಫಿಲ್ಟರಿಗೆ ಮರಳಿನ ಡ್ರಮ್, ಮೊದಲ ಮಳೆ ನೀರು ಬಿಡೋಕೆ ಮೂರಡಿ ಪೈಪ್ ಹಾಕ್ತಾರಂತೆ. ಅಷ್ಟು ಸಾಕಾ? ಈ ನೀರು ಕುಡಿಯಬಹುದಾ?

ಉತ್ತರ: ಇಬ್ಬರ ಮಾತೂ ಬೇಡ. ನಿಮ್ಮ ಮನೆಗೆ 5,000 ಲೀಟರ್ ಸರಿಹೋಗುತ್ತದೆ. ಆದರೆ ನಾನು ಹೇಳಿದೆ ಅಂತ ನಂಬಬೇಡಿ, ಲೆಕ್ಕ ನೀವೇ ಹಾಕಿ ನೋಡಿ. ಕಷ್ಟ ಏನಿಲ್ಲ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ 900 ಚದರ ಅಡಿ ಅಂದರೆ 84 ಚದರ ಮೀಟರ್, ಅಂದರೆ ಮಿ.ಮೀ.ಗೆ 84 ಲೀಟರ್. ಅದರಲ್ಲಿ ಒಂದಿಷ್ಟನ್ನು ತಾರಸಿಯೇ ಹೀರಿಕೊಳ್ಳುತ್ತದೆ, ಒಂದಿಷ್ಟು ಗುಂಡಿ ಬಿದ್ದ ಕಡೆ ನಿಂತು ಆರಿಹೋಗುತ್ತದೆ. ನೂರಕ್ಕೆ ಹದಿನೈದು ಕಳೆದು, ಪೈಪಿಗೆ ಇಳಿಯುವುದು ಮಿ.ಮೀ.ಗೆ 70 ಲೀಟರ್ ಅಂತ ಇಟ್ಟುಕೊಳ್ಳಿ. ಈ 70 ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆಯಾಗುತ್ತದೆ. 70ರಿಂದ ಗುಣಿಸಿದರೆ ಹತ್ತಿರ ಹತ್ತಿರ 68,000 ಲೀಟರ್. ನಾಲ್ಕು ಜನರ ಮನೆಗೆ ದಿನಕ್ಕೆ 500 ಲೀಟರ್ ಹಿಡಿದರೆ ವರ್ಷಕ್ಕೆ 1.8 ಲಕ್ಷ ಲೀಟರ್ ಬೇಕು. ಅಂದರೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ನಿಮ್ಮ ತಾರಸಿಯಿಂದಲೇ ಸಿಗುತ್ತದೆ. ಇಲ್ಲೇ ಎಲ್ಲರೂ ಎಡವುವುದು. 68,000 ಅಂತ ನೋಡಿದ ತಕ್ಷಣ ದೊಡ್ಡ ತೊಟ್ಟಿ ಬೇಕು ಅನ್ನಿಸುತ್ತದೆ. ಆದರೆ ಆ ನೀರು ಒಂದೇ ಸಲ ಬರುವುದಿಲ್ಲ ಅಲ್ವಾ? ನಮ್ಮೂರಿನ ಮಳೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹರಡಿಕೊಂಡು ಬರುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಏರುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ ಏರುತ್ತದೆ. ಬಂದ ನೀರನ್ನು ನೀವು ಬಳಸುತ್ತಾ ಇರುತ್ತೀರಿ, ತೊಟ್ಟಿ ಮತ್ತೆ ತುಂಬುತ್ತಾ ಇರುತ್ತದೆ. ಹಾಗಾಗಿ ವರ್ಷದ ಮಳೆ ನೋಡಿ ತೊಟ್ಟಿ ಕಟ್ಟಬಾರದು. ಒಂದು ಮಳೆಗೆ ಎಷ್ಟು ನೀರು ಬರುತ್ತದೆ, ಮುಂದಿನ ಮಳೆಯೊಳಗೆ ಎಷ್ಟು ಖರ್ಚಾಗುತ್ತದೆ, ಇವೆರಡನ್ನು ನೋಡಬೇಕು.

ಸೆಪ್ಟೆಂಬರ್‌ನಲ್ಲಿ ಮಳೆ ಜೋರಾಗಿರುವ ಹತ್ತು ದಿನ ಅಂದುಕೊಳ್ಳಿ. ಮೊದಲ ದಿನ 35 ಮಿ.ಮೀ., ಮೂರನೇ ದಿನ 12, ನಾಲ್ಕನೇ ದಿನ 60, ಏಳನೇ ದಿನ 25, ಎಂಟನೇ ದಿನ 8. ಒಟ್ಟು 140 ಮಿ.ಮೀ. ಪ್ರತಿ ಸಲ ಮೊದಲ 70 ಲೀಟರ್ ಹೊರಗೆ ಬಿಟ್ಟರೂ ತೊಟ್ಟಿಗೆ 9,450 ಲೀಟರ್ ಬರುತ್ತದೆ. ತೊಟ್ಟಿ ಖಾಲಿಯಿದ್ದಾಗ ಶುರುಮಾಡಿ, ದಿನಕ್ಕೆ 500 ಲೀಟರ್ ಬಳಸುತ್ತಾ ಹೋಗೋಣ.

ನಿಮ್ಮ ಭಾವ ಹೇಳಿದ 2,000 ಲೀಟರ್ ತೊಟ್ಟಿ ಮೊದಲ ದಿನವೇ ತುಂಬಿ ಚೆಲ್ಲುತ್ತದೆ. ನಾಲ್ಕನೇ ದಿನದ ದೊಡ್ಡ ಮಳೆಗಂತೂ 3,400 ಲೀಟರ್ ಮೋರಿ ಪಾಲು. ಹತ್ತು ದಿನದಲ್ಲಿ ಒಟ್ಟು ಹತ್ತಿರ ಹತ್ತಿರ 4,000 ಲೀಟರ್ ಹೋಯಿತು. 5,000 ಲೀಟರ್ ತೊಟ್ಟಿಯಾದರೆ ಚೆಲ್ಲುವುದು 960 ಲೀಟರ್ ಮಾತ್ರ. 10,000 ಲೀಟರಿನದ್ದು ಒಂದು ಹನಿಯನ್ನೂ ಚೆಲ್ಲುವುದಿಲ್ಲ ನಿಜ. ಆದರೆ ಇಷ್ಟೂ ದಿನದಲ್ಲಿ ಅದರ ನೀರು 6,000 ಲೀಟರಿನ ಗೆರೆಯನ್ನೇ ಮುಟ್ಟುವುದಿಲ್ಲ. ಹತ್ತನೇ ದಿನ ರಾತ್ರಿ ಉಳಿದದ್ದು ನೋಡಿ. ಎರಡು ಸಾವಿರದ್ದರಲ್ಲಿ ಒಂದು ದಿನದ ನೀರು, ಐದು ಸಾವಿರದ್ದರಲ್ಲಿ ಏಳು ದಿನದ ನೀರು, ಹತ್ತು ಸಾವಿರದ್ದರಲ್ಲಿ ಸುಮಾರು ಒಂಬತ್ತು ದಿನದ ನೀರು. ಎರಡರಿಂದ ಐದಕ್ಕೆ ಹೋದರೆ ಆರು ದಿನ ಲಾಭ. ಐದರಿಂದ ಹತ್ತಕ್ಕೆ ಹೋದರೆ ಎರಡೇ ದಿನ. ಆ ಎರಡು ದಿನಕ್ಕೋಸ್ಕರ ಕಾಂಕ್ರೀಟಿಗೆ ದುಡ್ಡು ಸುರಿಯಬೇಕಾ?

ಕಂಟ್ರಾಕ್ಟರ್ ಬಹುಶಃ ಬೇಸಿಗೆಗೆ ಕೂಡಿಡಬಹುದು ಅನ್ನುತ್ತಾರೆ. ಅದನ್ನೂ ನೋಡೋಣ. ನವೆಂಬರ್ ಕೊನೆಗೆ 20,000 ಲೀಟರ್ ತುಂಬಿದೆ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 500ರಂತೆ ನಲವತ್ತು ದಿನ ಬರುತ್ತದೆ. ಸಂಕ್ರಾಂತಿ ಹೊತ್ತಿಗೆ ತೊಟ್ಟಿ ಖಾಲಿ. ನಿಮಗೆ ಟ್ಯಾಂಕರ್ ಬೇಕಾಗುವುದು ಮಾರ್ಚ್-ಏಪ್ರಿಲ್‌ನಲ್ಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕು ತಿಂಗಳು ದಾಟಬೇಕಾದರೆ 60,000 ಲೀಟರ್ ಬೇಕು. ವರ್ಷವಿಡೀ ಮಳೆನೀರಿನಲ್ಲೇ ಇರಬಹುದು ಅಂತ ಬೆಂಗಳೂರಿನಲ್ಲಿ ಮಾಡಿ ತೋರಿಸಿದವರಿದ್ದಾರೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರ ಮನೆ ಇದಕ್ಕೆ ಹೆಸರುವಾಸಿ. ಆದರೆ ಅದು ನಿಮ್ಮದಕ್ಕಿಂತ ದೊಡ್ಡ ಸೈಟು, ಕಟ್ಟುವಾಗಲೇ ಮಳೆನೀರಿಗೆ ಅಂತ ಯೋಚಿಸಿ ಕಟ್ಟಿದ ಮನೆ. ಕಟ್ಟಿ ಮುಗಿದ 30×40 ಮನೆಗೆ ಆ ದಾರಿ ಬೇಡ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ನಿಮ್ಮ ಹತ್ತಿರ ಆಗಲೇ 6,000 ಲೀಟರ್ ಸಂಪು ಇದೆಯಲ್ಲ! ಮಳೆನೀರನ್ನು ಅದಕ್ಕೇ ಬಿಡಬಾರದಾ? ಬಿಡಬಹುದು. ತೊಂದರೆ ಒಂದೇ. ಕಾವೇರಿ ನೀರು ಬಂದ ದಿನ ಸಂಪು ಕಂಠಪೂರ್ತಿ ತುಂಬಿರುತ್ತದೆ. ಸಂಜೆ ಮಳೆ ಬಂದರೆ ಅದಕ್ಕೆ ಜಾಗವೇ ಇರುವುದಿಲ್ಲ. ಮಳೆನೀರು ಕೊಯ್ಲು ಮಾಡಿಸಿದ್ದೇವೆ, ಏನೂ ಉಪಯೋಗವಾಗಲಿಲ್ಲ ಅನ್ನುವ ಎಷ್ಟೋ ಮನೆಗಳಲ್ಲಿ ಆಗಿರುವುದು ಇಷ್ಟೇ. ಪೈಪು, ಫಿಲ್ಟರ್ ಎಲ್ಲ ಸರಿ ಇರುತ್ತದೆ, ಸಂಪಿನಲ್ಲಿ ಜಾಗ ಇರುವುದಿಲ್ಲ.

ಇದಕ್ಕೆ ಹೆಚ್ಚು ಖರ್ಚಿಲ್ಲದ ಉಪಾಯವಿದೆ. ಕಾವೇರಿ ಲೈನಿನ ಫ್ಲೋಟ್ ವಾಲ್ವಿನ ಕಡ್ಡಿ ಉದ್ದ ಮಾಡಿಸಿ, ಬಾಲ್ ಸಂಪಿನ ಅರ್ಧಕ್ಕೆ ಇಳಿಯುವ ಹಾಗೆ ಪ್ಲಂಬರ್ ಕೈಲಿ ಮಾಡಿಸಿ. ಆಗ ಕಾವೇರಿ ನೀರು 3,000 ಲೀಟರಿಗೆ ನಿಲ್ಲುತ್ತದೆ. ದಿನ ಬಿಟ್ಟು ದಿನ ನೀರು ಬರುವ ಮನೆಗೆ ಅಷ್ಟು ಧಾರಾಳವಾಗಿ ಸಾಕು. ಮೇಲಿನ 3,000 ಲೀಟರ್ ಜಾಗ ಮಳೆಗೆ. ಕಾವೇರಿ ಪೈಪಿನ ಬಾಯಿ ಮಾತ್ರ ಯಾವತ್ತೂ ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು, ಮುಳುಗಬಾರದು. ಮುಳುಗಿದರೆ ಲೈನಿನಲ್ಲಿ ಒತ್ತಡ ಇಲ್ಲದಾಗ ನಿಮ್ಮ ಸಂಪಿನ ನೀರು ಬೀದಿ ಪೈಪಿಗೆ ವಾಪಸ್ ಎಳೆದುಕೊಂಡು ಹೋಗಬಹುದು. ಒಂದು ಮಳೆಗಾಲ ಇದನ್ನೇ ಮಾಡಿ ನೋಡಿ ಅನ್ನುವುದು ನನ್ನ ಸಲಹೆ. ಓವರ್‌ಫ್ಲೋ ಎಷ್ಟು ಸಲ ಹೋಯಿತು ಅಂತ ಗಮನಿಸಿ. ಸುಮ್ನೆ ಜಾಸ್ತಿ ನೀರು ಹೋಗುತ್ತಿದೆ ಅನ್ನಿಸಿದರೆ ಆಮೇಲೆ ಬೇರೆ ತೊಟ್ಟಿ ಮಾಡಿಸಿ. ಕಾರ್ ನಿಲ್ಲಿಸುವ ಜಾಗದ ಕೆಳಗೆ ಆರಡಿ ಉದ್ದ, ಆರಡಿ ಅಗಲ, ಐದಡಿ ನೀರು ನಿಲ್ಲುವ ಸಂಪು ಅಂದರೆ 5,000 ಲೀಟರ್ ಆಯಿತು. ಅಗೆಯುವುದು ಬೇಡ ಅಂದರೆ ಪಕ್ಕದ ಓಣಿಯಲ್ಲಿ ಎರಡು ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿ. ಬಿಸಿಲಿಗೆ ಪಾಚಿ ಕಟ್ಟದ ಕಪ್ಪು ಬಣ್ಣದ್ದೇ ಇರಲಿ.

ಈಗ ಆ ಮೂರಡಿ ಪೈಪಿನ ವಿಷಯ. ಮಳೆ ಶುರುವಾದಾಗ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ಗಾಡಿ ಹೊಗೆಯ ಮಸಿ ಎಲ್ಲ ತೊಳೆದುಕೊಂಡು ಮೊದಲ ನೀರಿನಲ್ಲೇ ಬರುತ್ತದೆ. ಒಂದು ಮಿ.ಮೀ. ಮಳೆಯ ನೀರನ್ನಾದರೂ ಹೊರಗೆ ಬಿಡಬೇಕು. ನಿಮ್ಮ ಲೆಕ್ಕದಲ್ಲಿ 70 ಲೀಟರ್, ಅಂದರೆ ಒಂದೊಂದು ಡೌನ್‌ಟೇಕಿಗೆ 35. ನಾಲ್ಕಿಂಚಿನ ಪೈಪ್ ಮೂರಡಿ ಉದ್ದಕ್ಕೆ ಹಿಡಿಯುವುದು ಎಂಟು ಲೀಟರ್ ಕೂಡ ಇಲ್ಲ. ಗಲೀಜು ಇನ್ನೂ ತಾರಸಿಯಿಂದ ಇಳಿಯುತ್ತಿರುವಾಗಲೇ ಪೈಪು ತುಂಬಿ, ಉಳಿದದ್ದೆಲ್ಲ ಫಿಲ್ಟರಿಗೆ ಹೋಗುತ್ತದೆ. ಹಾಕಿಸಿದ್ದೇವೆ ಅನ್ನುವ ಸಮಾಧಾನಕ್ಕೆ ಬಿಟ್ಟರೆ ಅದರಿಂದ ಪ್ರಯೋಜನ ಕಮ್ಮಿ.

ಆರಿಂಚಿನ ಪೈಪ್ ಹಾಕಿಸಿ. ಅಡಿಗೆ ಐದೂವರೆ ಲೀಟರ್ ಹಿಡಿಯುತ್ತದೆ. ಏಳಡಿ ಉದ್ದಕ್ಕೆ 38 ಲೀಟರ್ ಆಯಿತು. ಎರಡು ಡೌನ್‌ಟೇಕಿಗೂ ಒಂದೊಂದು. ಮೇಲಿನಿಂದ ಬರುವ ಪೈಪಿಗೆ ಟಿ ಜೋಡಿಸಿ, ಟಿಯ ನೇರ ಕೆಳಗೆ ಈ ದಪ್ಪ ಪೈಪು ಗೋಡೆಗೊರಗಿ ನಿಲ್ಲಬೇಕು. ಟಿಯ ಅಡ್ಡ ಬಾಯಿಂದ ಫಿಲ್ಟರಿಗೆ ದಾರಿ. ಮೊದಲ ನೀರು ನೇರ ಕೆಳಗಿಳಿದು ಪೈಪನ್ನು ತುಂಬುತ್ತದೆ. ತುಂಬಿದ ಮೇಲೆ ಬರುವ ನೀರು ಬೇರೆ ದಾರಿಯಿಲ್ಲದೆ ಅಡ್ಡ ಹೊರಳುತ್ತದೆ. ತುಂಬಿದ ಪೈಪು ಸುಮಾರು ನಲವತ್ತು ಕೆಜಿ ತೂಗುತ್ತದೆ, ಅದಕ್ಕೇ ಕ್ಲಾಂಪ್ ಗಟ್ಟಿ ಇರಲಿ, ಬುಡಕ್ಕೊಂದು ಇಟ್ಟಿಗೆ ಕಟ್ಟೆ ಇರಲಿ.

ಬುಡದ ಕೆಲಸವನ್ನು ನೀವೇ ನಿಂತು ನೋಡಿಕೊಳ್ಳಿ. ಅಲ್ಲಿ ತಿರುಪಿ ಬಿಚ್ಚುವ ಕ್ಯಾಪ್ ಇರಬೇಕು. ಅಂಟಿಸಿಬಿಟ್ಟ ಕ್ಯಾಪ್ ಬೇಡ. ಅದಕ್ಕಿಂತ ನಾಲ್ಕೈದು ಇಂಚು ಮೇಲೆ ಅರ್ಧ ಇಂಚಿನ ನಲ್ಲಿ. ಕೆಸರು ಕೆಳಗೆ ಕೂರುತ್ತದೆ, ನಲ್ಲಿ ಕಟ್ಟಿಕೊಳ್ಳುವುದಿಲ್ಲ. ಈ ನಲ್ಲಿಯನ್ನು ಮುಚ್ಚಿಡಬಾರದು, ಪೂರ್ತಿ ತೆರೆದೂ ಇಡಬಾರದು. ಪೈಪು ತುಂಬಿರುವಾಗ ಸಣ್ಣ ದಾರದಂತೆ ನೀರು ಬರುವಷ್ಟು ತೆರೆದು, ಕೆಳಗೆ ಒಂದು ಲೋಟ ಹಿಡಿಯಿರಿ. ಲೋಟ ತುಂಬಲು ಎರಡು ನಿಮಿಷ ಬೇಕಾದರೆ ಸರಿಯಾಗಿದೆ. ನೀರಿನ ಮಟ್ಟ ಇಳಿದಂತೆ ಹರಿವೂ ನಿಧಾನವಾಗುತ್ತದೆ, ಅರ್ಧ ದಿನದಲ್ಲಿ ಪೈಪು ಖಾಲಿಯಾಗಿ ಮುಂದಿನ ಮಳೆಗೆ ತಯಾರಾಗುತ್ತದೆ. ನಲ್ಲಿ ಮುಚ್ಚಿಯೇ ಇದ್ದರೆ ಹೋದ ವಾರದ ನೀರು ಪೈಪಿನಲ್ಲಿ ಹಾಗೇ ನಿಂತಿರುತ್ತದೆ, ಹೊಸ ಮಳೆಯ ಗಲೀಜು ನೇರ ಫಿಲ್ಟರಿಗೆ ಹೋಗುತ್ತದೆ. ಮಳೆ ನಿಂತ ಮಾರನೇ ದಿನ ಪೈಪಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಸರಿ. ಮಂದ ಸದ್ದು ಬಂದರೆ ನಲ್ಲಿ ಕಟ್ಟಿಕೊಂಡಿದೆ ಅಂತ ಅರ್ಥ, ಕ್ಯಾಪ್ ಬಿಚ್ಚಿ ಕೆಸರು ತೆಗೆಯಿರಿ. ತೆಗೆಯುವಾಗ ಬಟ್ಟೆಗೆ ಸಿಡಿಯುತ್ತದೆ, ಹಳೇ ಪ್ಯಾಂಟ್ ಹಾಕಿಕೊಳ್ಳಿ.

ತಿಂಗಳುಗಟ್ಟಲೆ ಮಳೆಯಿಲ್ಲದೆ ಮಾರ್ಚ್-ಏಪ್ರಿಲ್‌ನಲ್ಲಿ ಬರುವ ಮಾವಿನ ಮಳೆಗೆ ಒಂದು ಮಿ.ಮೀ. ಲೆಕ್ಕ ಸಾಲದು. ಮೂರ್ನಾಲ್ಕು ತಿಂಗಳ ಧೂಳು ಕೂತಿರುತ್ತದೆ. ಅಕ್ಕಪಕ್ಕ ಮನೆ ಕಟ್ಟುತ್ತಿದ್ದರೆ ಸಿಮೆಂಟ್ ಪುಡಿ ಬೇರೆ. ಆ ಮೊದಲ ಒಂದೆರಡು ಮಳೆಗೆ ಬುಡದ ಕ್ಯಾಪ್ ಬಿಚ್ಚಿಯೇ ಬಿಡಿ, ಹೋಗಲಿ. ಆಮೇಲೆ ತಾರಸಿ ಗುಡಿಸಿ ಕ್ಯಾಪ್ ಹಾಕಿ. ತಾರಸಿಯಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದರೆ ಆ ಸೋಪಿನ ನೀರಿಗೆ ಬೇರೆ ದಾರಿ ಮಾಡಿಸಿ.

ಇನ್ನು ಮರಳಿನ ಡ್ರಮ್. ಅದರಲ್ಲಿ ನೀರು ಚೆನ್ನಾಗಿ ಸೋಸುತ್ತದೆ, ಅನುಮಾನವಿಲ್ಲ. ಪ್ರಶ್ನೆ ಇರುವುದು ವೇಗದ್ದು. ಬೆಂಗಳೂರಿನ ಗುಡುಗು ಮಳೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಸುರಿಯುವುದು ಅಪರೂಪವಲ್ಲ. ಆಗ ನಿಮ್ಮ ಒಂದೊಂದು ಡೌನ್‌ಟೇಕಿನಿಂದ ನಿಮಿಷಕ್ಕೆ 35 ಲೀಟರ್ ಬರುತ್ತದೆ. 200 ಲೀಟರ್ ಡ್ರಮ್ಮಿನಲ್ಲಿ ಸಾಧಾರಣ ಮರಳು ತುಂಬಿದರೆ ಅದು ನಿಮಿಷಕ್ಕೆ ಇಪ್ಪತ್ತು ಲೀಟರ್ ಬಿಟ್ಟರೆ ಹೆಚ್ಚು. ಕೊಳೆ ಕಟ್ಟಿದ ಮೇಲೆ ಇನ್ನೂ ಕಮ್ಮಿ. ಉಳಿದದ್ದು ಡ್ರಮ್ಮಿನ ಬಾಯಿಂದ ಚೆಲ್ಲುತ್ತದೆ. ಅತಿ ಹೆಚ್ಚು ನೀರು ಸಿಗುವ ಹೊತ್ತಿನಲ್ಲೇ ಹೀಗಾಗುತ್ತದೆ ಅನ್ನುವುದು ಬೇಜಾರಿನ ಸಂಗತಿ. ಎರಡೂ ಡೌನ್‌ಟೇಕನ್ನು ಒಂದೇ ಡ್ರಮ್ಮಿಗೆ ಸೇರಿಸುತ್ತೇವೆ ಅಂದರೆ ಖಂಡಿತ ಒಪ್ಪಬೇಡಿ.

ಪ್ರತಿ ಡೌನ್‌ಟೇಕಿಗೆ ಒಂದು ಡ್ರಮ್ ಇರಲಿ, ಮರಳು ದಪ್ಪನೆಯದಿರಲಿ. ತಳದಲ್ಲಿ ಅರ್ಧ ಅಡಿ 20 ಎಂ.ಎಂ. ಜಲ್ಲಿ, ಅದರ ಮೇಲೆ ಅರ್ಧ ಅಡಿ ಸಣ್ಣ ಜಲ್ಲಿ, ನೈಲಾನ್ ಬಲೆ ಹಾಸಿ ಅದರ ಮೇಲೆ ಅರ್ಧ ಅಡಿ ದಪ್ಪ ಮರಳು. ಮೇಲೆ ಮತ್ತೊಂದು ಬಲೆ, ನೀರು ಬೀಳುವ ಕಡೆ ಒಂದು ಬೊಗಸೆ ಜಲ್ಲಿ. ಇಲ್ಲದಿದ್ದರೆ ಬೀಳುವ ನೀರು ಮರಳಿನಲ್ಲಿ ಗುಂಡಿ ತೋಡಿಬಿಡುತ್ತದೆ. ಎಂ ಸ್ಯಾಂಡ್ ಸುರಿಯಲು ಬಿಡಬೇಡಿ. ಅದರ ಕಲ್ಲುಪುಡಿ ಮರಳಿನ ಸಂದು ಮುಚ್ಚುತ್ತದೆ, ತೊಟ್ಟಿಗೂ ಇಳಿಯುತ್ತದೆ. ಜಲ್ಲಿಯನ್ನೂ ಬಕೆಟ್ಟಿನಲ್ಲಿ ಹಾಕಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಸಿ. ಮೇಸ್ತ್ರಿ ಗೊಣಗುತ್ತಾನೆ, ಗೊಣಗಲಿ. ಮಳೆ ನಿಂತು ಅರ್ಧ ಗಂಟೆ ಕಳೆದರೂ ಮರಳಿನ ಮೇಲೆ ನೀರು ನಿಂತಿದ್ದರೆ ಮೇಲಿನ ಎರಡಿಂಚು ಮರಳು ತೆಗೆದು ತೊಳೆಯುವ ಹೊತ್ತು ಬಂದಿದೆ. ಅಂಗಡಿಯಲ್ಲಿ ಸಿಗುವ, ಗೋಡೆಗೆ ಕೂರಿಸುವ ಸ್ಟೀಲ್ ಜಾಲರಿ ಫಿಲ್ಟರೂ ಆಗುತ್ತದೆ. ಅದು ಎಲೆ, ಕಸ ತಡೆಯುತ್ತದೆ, ಜೋರು ಮಳೆಗೂ ಕಟ್ಟಿಕೊಳ್ಳುವುದು ಕಮ್ಮಿ. ನಯವಾದ ಧೂಳು ಮಾತ್ರ ದಾಟಿ ಬರುತ್ತದೆ. ಸ್ನಾನ, ಬಟ್ಟೆ, ಪಾತ್ರೆಗೆ ಅಷ್ಟು ಸಾಕು. ಕೊಳ್ಳುವ ಮೊದಲು ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಒಮ್ಮೆ ಹೋಗಿ, ಬೇರೆ ಬೇರೆ ಮಾದರಿ ಕಣ್ಣಾರೆ ನೋಡಬಹುದು.

ಧೂಳನ್ನು ತೊಟ್ಟಿಯೇ ತಳಕ್ಕೆ ಕೂರಿಸುತ್ತದೆ, ಅದನ್ನು ಕಲಕದಿದ್ದರೆ ಸರಿ. ಮಳೆನೀರಿನ ಪೈಪು ಮೇಲಿನಿಂದ ಧುಮ್ಮಿಕ್ಕುವ ಬದಲು ತಳದವರೆಗೆ ಇಳಿದು, ಕೊನೆಯಲ್ಲಿ ಎಲ್ಬೋ ಹಾಕಿ ಬಾಯಿ ಮೇಲ್ಮುಖವಾಗಿರಲಿ. ಪಂಪಿನ ಫುಟ್ ವಾಲ್ವ್ ನೆಲದಿಂದ ಅರ್ಧ ಅಡಿ ಮೇಲಿರಲಿ.

ಓವರ್‌ಫ್ಲೋ ಪೈಪು ನಾಲ್ಕಿಂಚಿಗೆ ಕಮ್ಮಿ ಬೇಡ. ಬಾಯಿಗೆ ಸೊಳ್ಳೆ ಬಲೆ ಕಟ್ಟಿ. ಅದನ್ನು ಯುಜಿಡಿ ಚೇಂಬರಿಗೆ ಸೇರಿಸಬೇಡಿ. ಒಳಚರಂಡಿ ಕಟ್ಟಿಕೊಂಡ ದಿನ ಅದೇ ಪೈಪಿನಲ್ಲಿ ಕೊಳಚೆ ನಿಮ್ಮ ಸಂಪಿಗೆ ಬರುತ್ತದೆ. ಜಾಗವಿದ್ದರೆ ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿಗೆ ಬಿಡಿ. ಅದರಲ್ಲೇ 4,000 ಲೀಟರ್ ನಿಂತು ಇಂಗುತ್ತದೆ. ಪೈಪಿನ ಹೊರ ಬಾಯಿ ರಸ್ತೆ ಮಟ್ಟಕ್ಕಿಂತ ಮೇಲಿರಬೇಕು. ರಸ್ತೆಯಲ್ಲಿ ನೀರು ನಿಲ್ಲುವ ಬಡಾವಣೆಗಳಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ.

ಕುಡಿಯಬಹುದಾ ಅಂತ ಕೇಳಿದ್ದೀರಿ. ಸೋಸಿದ ನೀರನ್ನು ಹಾಗೇ ಕುಡಿಯಬೇಡಿ. ಮರಳು ಕಸ, ಧೂಳು ತಡೆಯುತ್ತದೆ, ಹಕ್ಕಿ ಹಿಕ್ಕೆಯ ರೋಗಾಣುವನ್ನು ಪೂರ್ತಿ ತಡೆಯುವುದಿಲ್ಲ. ಕುದಿಸಿ ಆರಿಸಿ ಕುಡಿಯಿರಿ, ಅಥವಾ ಯುವಿ ಫಿಲ್ಟರ್ ಬಳಸಿ. ಆರ್‌ಒ ಬೇಕಿಲ್ಲ. ಅದು ಇರುವುದು ಬೋರ್‌ವೆಲ್ ನೀರಿನ ಉಪ್ಪು ತೆಗೆಯಲು, ಮಳೆನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಮ್ಮಿ. ಹಿಡಿದ ನೀರಿನಲ್ಲಿ ಒಂದಿಷ್ಟನ್ನು ಆರ್‌ಒ ಯಂತ್ರ ಮತ್ತೆ ಮೋರಿಗೆ ಬಿಡುತ್ತದೆ ಅನ್ನುವುದು ಬೇರೆ. ಮಳೆಗಾಲದಲ್ಲಿ ಒಂದೆರಡು ಸಲ ಎಚ್2ಎಸ್ ಬಾಟಲಿ ಪರೀಕ್ಷೆ ಮಾಡಿ. ಸಣ್ಣ ಬಾಟಲಿಗೆ ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಡುವುದು, ಅಷ್ಟೇ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಮಲದ ಸೋಂಕು ಇದೆ ಅಂತ ತಿಳಿಯಿರಿ. ಆಗ ಮೊದಲು ತಾರಸಿ ಹತ್ತಿ ಪಾರಿವಾಳ ಎಲ್ಲಿ ಕೂರುತ್ತಿದೆ ನೋಡಿ, ಆಮೇಲೆ ಮೊದಲ ಮಳೆ ನೀರು ಹಿಡಿಯುವ ಆ ದಪ್ಪ ಪೈಪನ್ನು ತಟ್ಟಿ ನೋಡಿ. ತೊಟ್ಟಿಗೆ ಕ್ಲೋರಿನ್ ಹಾಕುವುದು ಇವೆರಡನ್ನೂ ಸರಿಮಾಡಿದ ಮೇಲೆ.